ಡಯಾಬಿಟಿಸ್ ಓದಿದ್ದು ಬೆಡ್ ಪಕ್ಕದಲ್ಲಿ ನೆನಪಾಗಬೇಕಾದರೆ: ಒಂದು ಕಾನ್ಸೆಪ್ಟ್ ಮ್ಯಾಪ್ ಬಿಡಿಸಿ ನೋಡೋಣ

ನರ್ಸಿಂಗ್ ಫಸ್ಟ್ ಇಯರ್ ವಿದ್ಯಾರ್ಥಿಗೆ ಇನ್ಸುಲಿನ್ ಎಲ್ಲಿ ತಯಾರಾಗುತ್ತದೆ, ಅದು ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದರೆ ಸರಿಯಾದ ಉತ್ತರವೇ ಬರುತ್ತದೆ. ಕೇರ್ ಪ್ಲಾನ್ ಬರೆಯಲು ಹೇಳಿದರೂ ಬರೆಯುತ್ತಾರೆ. ವೈಟಲ್ಸ್ ನೋಡಬೇಕು, ಇನ್‌ಟೇಕ್ ಔಟ್‌ಪುಟ್ ಬರೆದಿಡಬೇಕು, ಗಂಟೆಗೊಮ್ಮೆ ಗ್ಲೂಕೋಸ್ ಪರೀಕ್ಷಿಸಬೇಕು. ಆದರೆ ಬೆಡ್ ಪಕ್ಕದಲ್ಲಿ ನಿಲ್ಲಿಸಿ, "ಈ ರೋಗಿ ಇಷ್ಟು ಜೋರಾಗಿ ಉಸಿರಾಡುತ್ತಿರುವುದು ಯಾಕೆ? ಅದಕ್ಕೆ ನೀವೇನು ಮಾಡ್ತೀರಿ?" ಎಂದು ಕೇಳಿದರೆ ತಡವರಿಕೆ ಶುರು. ಓದಿದ್ದು ಕಡಿಮೆ ಅಂತಲ್ಲ. ಪ್ಯಾಥೋಫಿಸಿಯಾಲಜಿ ಒಂದು ನೋಟ್‌ಬುಕ್ಕಿನಲ್ಲಿದೆ, ಕೇರ್ ಪ್ಲಾನ್ ಇನ್ನೊಂದರಲ್ಲಿದೆ. ಇವೆರಡನ್ನೂ ಸೇರಿಸುವ ವಾಕ್ಯ ಮಾತ್ರ ಎಲ್ಲೂ ಬರೆದಿಲ್ಲ.

ಆ ವಾಕ್ಯವನ್ನು ಬರೆಯಿಸುವುದೇ ಕಾನ್ಸೆಪ್ಟ್ ಮ್ಯಾಪಿನ ಕೆಲಸ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಮತ್ತು ಅವರ ತಂಡ 1970ರ ದಶಕದಲ್ಲಿ ಇದನ್ನು ರೂಪಿಸಿತು. ವಿಜ್ಞಾನ ಕಲಿಯುವ ಮಕ್ಕಳಿಗೆ ನಿಜವಾಗಿ ಏನು ಅರ್ಥವಾಗಿದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಮ್ಯಾಪಿನ ನಿಯಮ ಸರಳ. ಒಂದೊಂದು ವಿಷಯವನ್ನು ಒಂದೊಂದು ಬಾಕ್ಸಿನಲ್ಲಿ ಬರೆಯಬೇಕು. ಬಾಕ್ಸುಗಳ ನಡುವೆ ಬಾಣ ಎಳೆಯಬೇಕು. ಬಾಣದ ಮೇಲೆ ಮಾತು ಬರೆಯಬೇಕು. ಎರಡು ಬಾಕ್ಸು ಮತ್ತು ನಡುವಿನ ಮಾತು ಸೇರಿ ಓದಿದರೆ ಒಂದು ಪೂರ್ತಿ ವಾಕ್ಯ ಆಗಬೇಕು. ಆ ವಾಕ್ಯ ನಿಜವೋ ಸುಳ್ಳೋ ಎಂದು ಆಗ ಪರೀಕ್ಷಿಸಬಹುದು.

ಬಾಣದ ಮೇಲಿನ ಮಾತನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಡುವೆ "ಡಯಾಬಿಟಿಸ್" ಎಂದು ದೊಡ್ಡದಾಗಿ ಬರೆದು, ಸುತ್ತಲೂ ಲಕ್ಷಣ, ಪರೀಕ್ಷೆ, ಔಷಧಿ, ಡಯಟ್ ಎಂದು ಕಾಲುಗಳನ್ನು ಎಳೆದರೆ ಅದು ಮ್ಯಾಪ್ ಆಗುವುದಿಲ್ಲ, ಪಟ್ಟಿಯನ್ನೇ ದುಂಡಗೆ ಬರೆದ ಹಾಗೆ ಅಷ್ಟೇ. ಚೆನ್ನಾಗಿ ಕಾಣುತ್ತದೆ, ಮಾರ್ಕ್ಸ್ ಕೂಡ ಬರಬಹುದು. ಬೆಡ್ ಪಕ್ಕದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ಇಡೀ ಡಯಾಬಿಟಿಸ್ ಬೇಡ, ಒಬ್ಬ ರೋಗಿಯನ್ನು ತೆಗೆದುಕೊಳ್ಳೋಣ. ಇದು ಕಲಿಕೆಗಾಗಿ ಕಟ್ಟಿದ ಕೇಸ್. 19 ವರ್ಷದ ಯುವತಿ, ತೂಕ 52 ಕೆ.ಜಿ. ಟೈಪ್ 1 ಡಯಾಬಿಟಿಸ್ ಇದೆ. ಎರಡು ದಿನದಿಂದ ಜ್ವರ, ವಾಂತಿ. ಏನೂ ತಿನ್ನುತ್ತಿಲ್ಲವಲ್ಲ, ಇನ್ಸುಲಿನ್ ತಗೊಂಡರೆ ಶುಗರ್ ಕುಸಿದೀತು ಎಂದು ಹೆದರಿ ಇನ್ಸುಲಿನ್ ನಿಲ್ಲಿಸಿದ್ದಾಳೆ. ಈಗ ತೂಕಡಿಸುತ್ತಿದ್ದಾಳೆ, ಕರೆದರೆ ಕಣ್ಣು ಬಿಡುತ್ತಾಳೆ. ನಾಡಿ 124, ಬಿಪಿ 92/58. ಉಸಿರಾಟ ನಿಮಿಷಕ್ಕೆ 32, ಅದೂ ಆಳವಾಗಿ. ಉಸಿರಿನಲ್ಲಿ ಹಣ್ಣಿನಂಥ ವಾಸನೆ. ಆಕ್ಸಿಜನ್ ಸ್ಯಾಚುರೇಶನ್ ಶೇ. 98. ನಾಲಿಗೆ ಒಣಗಿದೆ, ಹೊಟ್ಟೆನೋವಿದೆ. ಗ್ಲೂಕೋಸ್ 468 ಮಿ.ಗ್ರಾಂ, ರಕ್ತದ ಪಿಎಚ್ 7.12, ಬೈಕಾರ್ಬನೇಟ್ 9, ಪೊಟ್ಯಾಶಿಯಂ 5.4. ಕೀಟೋನ್ ಜಾಸ್ತಿ ಇದೆ. ಇದು ಡಯಾಬಿಟಿಕ್ ಕೀಟೋಅಸಿಡೋಸಿಸ್, ವಾರ್ಡಿನ ಮಾತಿನಲ್ಲಿ ಡಿಕೆಎ.

ಒಂದು ದೊಡ್ಡ ಹಾಳೆ, ಮೂರು ಬಣ್ಣದ ಪೆನ್ನು ಸಾಕು. ದೇಹದ ಒಳಗೆ ನಡೆಯುವುದು ಕಪ್ಪಿನಲ್ಲಿ. ನಾನು ನೋಡಿದ್ದು, ಮುಟ್ಟಿದ್ದು, ಅಳೆದದ್ದು, ರಿಪೋರ್ಟಿನಲ್ಲಿ ಬಂದದ್ದು ನೀಲಿಯಲ್ಲಿ. ನಾನು ಮಾಡುವ ಕೆಲಸ ಹಸಿರಿನಲ್ಲಿ. ಹಾಳೆಯ ಮೇಲ್ಭಾಗದಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳಿ: ಈ ರೋಗಿ ಹೀಗಿರುವುದು ಯಾಕೆ, ಮುಂದಿನ ಕೆಲವು ಗಂಟೆಗಳಲ್ಲಿ ನಾನು ಏನನ್ನು ಕಾಯಬೇಕು? ಈ ಪ್ರಶ್ನೆ ಇಲ್ಲದಿದ್ದರೆ ಮ್ಯಾಪಿನೊಳಗೆ ಕಣ್ಣಿನ ತೊಂದರೆ, ಕಾಲಿನ ಹುಣ್ಣು, ವ್ಯಾಯಾಮ ಎಲ್ಲ ನುಗ್ಗುತ್ತವೆ. ಅವೆಲ್ಲ ನಿಜವೇ, ಇವತ್ತಿನ ಪ್ರಶ್ನೆಗೆ ಬೇಡ.

ಕಪ್ಪಿನಿಂದ ಶುರು ಮಾಡೋಣ. ಮೊದಲ ಬಾಕ್ಸು "ಇನ್ಸುಲಿನ್ ಇಲ್ಲ". ಅದರ ಪಕ್ಕ "ಜ್ವರ, ಸೋಂಕು". ಸೋಂಕು ಬಂದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್‌ನಂಥ ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ. ಇವು ಇನ್ಸುಲಿನ್ನಿನ ಕೆಲಸಕ್ಕೆ ಎದುರು ನಿಲ್ಲುತ್ತವೆ. ಅಂದರೆ ಈ ಹುಡುಗಿಗೆ ಊಟ ಮಾಡದಿದ್ದರೂ ಇನ್ಸುಲಿನ್ ಬೇಕಿತ್ತು, ಮಾಮೂಲಿಗಿಂತ ಜಾಸ್ತಿಯೇ ಬೇಕಾಗಿದ್ದಿರಬಹುದು. ಈ ಎರಡು ಬಾಕ್ಸಿನಿಂದ ಕೆಳಗೆ ಎರಡು ಕವಲು ಹೊರಡುತ್ತವೆ. ಮೊದಲನೆಯದು ಸಕ್ಕರೆಯ ಕವಲು:

ಇನ್ಸುಲಿನ್ ಇಲ್ಲ → ಲಿವರ್ ಗ್ಲೂಕೋಸ್ ಬಿಡುವುದನ್ನು ತಡೆಯುವವರಿಲ್ಲ, ಸ್ನಾಯು ಅದನ್ನು ಒಳಗೆ ಎಳೆದುಕೊಳ್ಳುವುದಿಲ್ಲ → ರಕ್ತದಲ್ಲಿ ಗ್ಲೂಕೋಸ್ ಏರಿಕೆ → ಕಿಡ್ನಿ ವಾಪಸ್ ಹೀರುವ ಮಿತಿ ಮೀರುತ್ತದೆ → ಮೂತ್ರಕ್ಕೆ ಗ್ಲೂಕೋಸ್, ಅದರ ಜೊತೆ ನೀರು, ಸೋಡಿಯಂ, ಪೊಟ್ಯಾಶಿಯಂ → ಡಿಹೈಡ್ರೇಶನ್

ಕಿಡ್ನಿಯ ಆ ಮಿತಿ ಸಾಮಾನ್ಯವಾಗಿ 180 ಮಿ.ಗ್ರಾಂ ಆಸುಪಾಸು. ಈಕೆಯದು 468. ಡಿಕೆಎಯಲ್ಲಿ ದೊಡ್ಡವರು ಕಳೆದುಕೊಳ್ಳುವ ನೀರಿನ ಅಂದಾಜು ಕೆ.ಜಿ.ಗೆ 100 ಮಿ.ಲೀ. 52 ಕೆ.ಜಿ.ಗೆ ಲೆಕ್ಕ ಹಾಕಿದರೆ 5 ಲೀಟರ್ ದಾಟುತ್ತದೆ. ಈಗ ನೀಲಿ ಪೆನ್ನು ತೆಗೆದುಕೊಂಡರೆ ನಾಡಿ 124, ಬಿಪಿ 92/58, ಒಣಗಿದ ನಾಲಿಗೆ ಮೂರೂ "ಡಿಹೈಡ್ರೇಶನ್" ಬಾಕ್ಸಿಗೆ ಬಂದು ಸೇರುತ್ತವೆ. ಹಸಿರಿನಲ್ಲಿ ಐವಿ ಸಲೈನ್ ಅಲ್ಲಿಗೇ ಬರುತ್ತದೆ. ಬಾಣದ ಮೇಲೆ "ರಕ್ತನಾಳಗಳಲ್ಲಿ ಕಡಿಮೆಯಾದ ದ್ರವವನ್ನು ತುಂಬುತ್ತದೆ" ಎಂದು ಬರೆಯಿರಿ. ಇನ್ಸುಲಿನ್‌ಗಿಂತ ಮುಂಚೆ ಸಲೈನ್ ಶುರುವಾಗುವುದು ಯಾಕೆ ಎಂಬುದೂ ಅಲ್ಲೇ ಕಾಣುತ್ತದೆ. ಸದ್ಯಕ್ಕೆ ಬಿಪಿಯನ್ನು ಕೆಳಗೆ ತಳ್ಳುತ್ತಿರುವುದು ದ್ರವದ ಕೊರತೆ, ಅದಕ್ಕೆ ಸಲೈನೇ ಬೇಕು.

ಇದೇ ಕವಲಿನಲ್ಲಿ ಮೂತ್ರದ ಬಾಕ್ಸಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಡಿಹೈಡ್ರೇಶನ್ ಇದ್ದರೆ ಮೂತ್ರ ಕಡಿಮೆ ಎಂದು ನಾವೆಲ್ಲ ಓದಿರುತ್ತೇವೆ. ಮ್ಯಾಪ್ ಬೇರೆ ಹೇಳುತ್ತಿದೆ. ಇಲ್ಲಿ ಡಿಹೈಡ್ರೇಶನ್ ಆಗುತ್ತಿರುವುದೇ ಮೂತ್ರದ ಮೂಲಕ. ಗ್ಲೂಕೋಸ್ ನೀರನ್ನು ಎಳೆದುಕೊಂಡು ಹೋಗುತ್ತಿರುವವರೆಗೆ, ಒಣಗಿ ಹೋಗುತ್ತಿರುವ ರೋಗಿಯೂ ಸಾಕಷ್ಟು ಮೂತ್ರ ಮಾಡಬಹುದು. ಔಟ್‌ಪುಟ್ ಚಾರ್ಟ್ ಮಾತ್ರ ನೋಡಿ "ಹೈಡ್ರೇಶನ್ ಪರವಾಗಿಲ್ಲ" ಎಂದು ಬರೆದರೆ ತಪ್ಪಾಗುತ್ತದೆ. ನಾಡಿ, ಬಿಪಿ, ಕ್ಯಾಪಿಲ್ಲರಿ ರೀಫಿಲ್ ಎಲ್ಲವನ್ನೂ ಸೇರಿಸಿ ನೋಡಬೇಕು. ಹಾಗೆಯೇ ಚಿಕಿತ್ಸೆ ಶುರುವಾಗಿ ಗ್ಲೂಕೋಸ್ ಇಳಿದಾಗ ಮೂತ್ರ ಸ್ವಲ್ಪ ಕಡಿಮೆಯಾದರೆ ತಕ್ಷಣ ಗಾಬರಿ ಬೇಡ, ಎಳೆಯುವ ಶಕ್ತಿ ಇಳಿದಿರುತ್ತದೆ. ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ.ಗಿಂತ, ಅಂದರೆ ಈಕೆಗೆ ಸುಮಾರು 26 ಮಿ.ಲೀ.ಗಿಂತ ಕೆಳಗೆ ಹೋದರೆ ಮಾತ್ರ ಹೇಳಲೇಬೇಕಾದ ವಿಷಯ.

ಎರಡನೆಯ ಕವಲು ಕೊಬ್ಬಿನದು:

ಇನ್ಸುಲಿನ್ ಇಲ್ಲ → ಕೊಬ್ಬು ಒಡೆಯುವುದಕ್ಕೆ ಕಡಿವಾಣ ಇಲ್ಲ → ಲಿವರಿನಲ್ಲಿ ಕೀಟೋನ್ ತಯಾರಿ → ರಕ್ತದಲ್ಲಿ ಆಮ್ಲ ಜಾಸ್ತಿ, ಬೈಕಾರ್ಬನೇಟ್ ಖರ್ಚಾಗುತ್ತದೆ → ಪಿಎಚ್ ಇಳಿಕೆ → ಕಾರ್ಬನ್ ಡೈಆಕ್ಸೈಡ್ ಹೊರಹಾಕಲು ಆಳವಾದ, ವೇಗದ ಉಸಿರಾಟ

ಇಲ್ಲಿಗೆ ಸೇರುವ ನೀಲಿ ಬಾಕ್ಸುಗಳು ಹಣ್ಣಿನ ವಾಸನೆ, ವಾಂತಿ, ಹೊಟ್ಟೆನೋವು, ಮತ್ತೆ ಆ ಉಸಿರಾಟ. ಇದನ್ನು ಕುಸ್‌ಮಾಲ್ ಉಸಿರಾಟ ಎನ್ನುತ್ತಾರೆ.

ಮೊದಲ ಸಲ ಮ್ಯಾಪ್ ಬಿಡಿಸುವವರ ಹಾಳೆಯಲ್ಲಿ ಆಗಾಗ ಸಿಗುವ ಒಂದು ತಪ್ಪು ಬಾಣ ಇಲ್ಲಿದೆ. ಉಸಿರಾಟ 32 ಎಂದು ಕಂಡ ಕೂಡಲೇ "ಉಸಿರಾಟದ ತೊಂದರೆ" ಎಂದು ನರ್ಸಿಂಗ್ ಡಯಾಗ್ನೋಸಿಸ್ ಬರೆದು, ಹಸಿರಿನಲ್ಲಿ "ಆಕ್ಸಿಜನ್ ಕೊಡು, ನಿಧಾನವಾಗಿ ಉಸಿರಾಡಲು ಹೇಳು" ಎಂದು ಸೇರಿಸುತ್ತಾರೆ. ಪಟ್ಟಿಯಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಮ್ಯಾಪಿನಲ್ಲಿ ಬಾಣದ ಮೇಲೆ ಏನು ಬರೆಯುತ್ತೀರಿ? "ಆಕ್ಸಿಜನ್ ... ಆಮ್ಲವನ್ನು ಕಡಿಮೆ ಮಾಡುತ್ತದೆ"? ಅದು ಸುಳ್ಳು. "ಆಕ್ಸಿಜನ್ ... ಕೊರತೆಯನ್ನು ತುಂಬುತ್ತದೆ"? ಸ್ಯಾಚುರೇಶನ್ ಶೇ. 98 ಇದೆ, ಕೊರತೆಯೇ ಇಲ್ಲ. ಹಾಗಾಗಿ ಬಾಣಕ್ಕೆ ಮಾತು ಸಿಗುವುದಿಲ್ಲ. ಈ ಹುಡುಗಿಯ ಶ್ವಾಸಕೋಶ ಕೆಟ್ಟಿಲ್ಲ, ಪಿಎಚ್ ಇನ್ನಷ್ಟು ಬೀಳದಂತೆ ದುಡಿಯುತ್ತಿದೆ. ನಿಧಾನವಾಗಿ ಉಸಿರಾಡಿ ಎಂದು ಹೇಳುವುದು ಆ ದುಡಿಮೆಯನ್ನು ನಿಲ್ಲಿಸಿದ ಹಾಗೆ. ಸರಿಯಾದ ಹಸಿರು ಬಾಣ ಇನ್ನೂ ಮೇಲೆ, ಕೊಬ್ಬು ಒಡೆಯುವ ಬಾಕ್ಸಿಗೆ ಹೋಗಬೇಕು: "ಇನ್ಸುಲಿನ್ ... ಕೊಬ್ಬು ಒಡೆಯುವುದನ್ನು ನಿಲ್ಲಿಸುತ್ತದೆ". ಉಸಿರಾಟದ ಬಾಕ್ಸಿನಲ್ಲಿ ನರ್ಸ್ ಮಾಡುವುದು ಬೇರೆ ಕೆಲಸ: ಎಣಿಸುವುದು, ಆಳ ನೋಡುವುದು, ತಲೆಯ ಕಡೆ ಎತ್ತರಿಸಿ ಅನುಕೂಲ ಮಾಡುವುದು. ಪಿಎಚ್ ಇನ್ನೂ ಕಡಿಮೆ ಇರುವಾಗಲೇ ಉಸಿರಾಟ ನಿಧಾನವಾಗಿ, ರೋಗಿ ಹೆಚ್ಚು ಮಂಕಾದರೆ ಅದು ಸುಧಾರಣೆ ಅಲ್ಲ. ದುಡಿದು ದಣಿದ ಲಕ್ಷಣ, ತಕ್ಷಣ ಡಾಕ್ಟರಿಗೆ ಹೇಳಬೇಕು.

ಇಷ್ಟಾದ ಮೇಲೆ ಅಡ್ಡ ಬಾಣಗಳು. ಒಂದು ಕವಲಿನಿಂದ ಇನ್ನೊಂದಕ್ಕೆ ದಾಟುವ ಬಾಣಗಳು ಇವು. ನೋವಾಕ್ ತಂಡ ಇವಕ್ಕೆ ವಿಶೇಷ ಬೆಲೆ ಕೊಟ್ಟಿತ್ತು, ಕಾರಣವಿದೆ. ಬಾಯಿಪಾಠದಿಂದ ಕೆಳಮುಖ ಬಾಣಗಳನ್ನು ಎಳೆಯಬಹುದು. ಅಡ್ಡ ಬಾಣ ಎಳೆಯಲು ವಿಷಯ ಅರ್ಥವಾಗಿರಬೇಕು. ಸುಲಭದ್ದೊಂದು: ಆಮ್ಲದಿಂದ ವಾಂತಿ, ವಾಂತಿಯಿಂದ ಮತ್ತಷ್ಟು ಡಿಹೈಡ್ರೇಶನ್. ಎರಡನೆಯ ಕವಲು ಮೊದಲನೆಯದನ್ನು ಹದಗೆಡಿಸುತ್ತಿದೆ.

ಕಷ್ಟದ್ದು ಪೊಟ್ಯಾಶಿಯಂ. ನನಗೆ ಕೇಳಿದರೆ ಡಿಕೆಎ ಮ್ಯಾಪಿನ ನಿಜವಾದ ಪರೀಕ್ಷೆ ಇದೇ. ಮೊದಲ ಕವಲಿನಲ್ಲಿ ಪೊಟ್ಯಾಶಿಯಂ ಮೂತ್ರದಲ್ಲಿ ಹೋಗುತ್ತಿದೆ ಎಂದು ಬರೆದೆವು, ವಾಂತಿಯಲ್ಲೂ ಹೋಗುತ್ತಿದೆ. ಹಾಗಿದ್ದರೆ ರಿಪೋರ್ಟಿನಲ್ಲಿ ಕಡಿಮೆ ಬರಬೇಕು ಅಲ್ವಾ? ಬಂದಿರುವುದು 5.4, ಮಾಮೂಲಿ 3.5ರಿಂದ 5.0. ಪಟ್ಟಿ ಮಾಡುವವರು "ಪೊಟ್ಯಾಶಿಯಂ ಜಾಸ್ತಿ" ಎಂದು ಬರೆದು, ಪಕ್ಕದಲ್ಲಿ "ಪೊಟ್ಯಾಶಿಯಂ ಕೊಡಬಾರದು" ಎಂದು ಬರೆದು ಮುಂದೆ ಹೋಗುತ್ತಾರೆ. ಮ್ಯಾಪ್ ಬಿಡಿಸುವವರಿಗೆ ಮುಂದೆ ಹೋಗಲು ಆಗುವುದಿಲ್ಲ. ಕಪ್ಪು ಬಾಣ ಒಂದು ಹೇಳುತ್ತಿದೆ, ನೀಲಿ ಬಾಕ್ಸು ಇನ್ನೊಂದು ಹೇಳುತ್ತಿದೆ. ಮಧ್ಯೆ ಏನೋ ಬಿಟ್ಟುಹೋಗಿದೆ.

ಬಿಟ್ಟುಹೋದದ್ದು ಜೀವಕೋಶದ ಪೊರೆ. ದೇಹದ ಪೊಟ್ಯಾಶಿಯಂನಲ್ಲಿ ಬಹುಪಾಲು ಜೀವಕೋಶಗಳ ಒಳಗಿರುತ್ತದೆ. ಅದನ್ನು ಒಳಗೆ ತಳ್ಳುವುದರಲ್ಲಿ ಇನ್ಸುಲಿನ್ನಿನ ಕೈ ದೊಡ್ಡದು. ಇನ್ಸುಲಿನ್ ಇಲ್ಲದೆ, ರಕ್ತದಲ್ಲಿ ಗ್ಲೂಕೋಸೂ ಆಮ್ಲವೂ ಏರಿರುವಾಗ ಪೊಟ್ಯಾಶಿಯಂ ಒಳಗಿನಿಂದ ರಕ್ತಕ್ಕೆ ಸರಿಯುತ್ತದೆ. ನಾವು ಅಳೆಯುವುದು ರಕ್ತದಲ್ಲಿರುವುದನ್ನು ಮಾತ್ರ. ಅಂದರೆ 5.4 ಎನ್ನುವುದು ಹೊರಗೆ ಬಂದು ನಿಂತಿರುವ ಪೊಟ್ಯಾಶಿಯಂ, ಅದೂ ಮೂತ್ರದಲ್ಲಿ ಹರಿದುಹೋಗುತ್ತಿದೆ. ದೇಹದ ಒಟ್ಟು ಲೆಕ್ಕದಲ್ಲಿ ಕೊರತೆಯೇ ಇದೆ. ಈ ಕಪ್ಪು ಬಾಕ್ಸನ್ನು ಸೇರಿಸಿ, ಹಸಿರಿನ "ಇನ್ಸುಲಿನ್" ಬಾಕ್ಸಿನಿಂದ ಒಂದು ಅಡ್ಡ ಬಾಣ ಎಳೆಯಿರಿ: "ಇನ್ಸುಲಿನ್ ... ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ". ಅಲ್ಲಿಂದ ಮುಂದೆ: "ರಕ್ತದ ಪೊಟ್ಯಾಶಿಯಂ ಬೀಳುತ್ತದೆ". ಅಲ್ಲಿಂದ: "ಹೃದಯದ ಲಯ ತಪ್ಪಬಹುದು".

ಅಂದರೆ ನಾವು ಕೊಡುವ ಚಿಕಿತ್ಸೆಯೇ ಹೊಸ ಅಪಾಯ ಹುಟ್ಟಿಸುತ್ತಿದೆ. ಇದು ಕಾಣಿಸಿದ ಮೇಲೆ ನರ್ಸಿಂಗ್ ಕೆಲಸಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಇನ್ಸುಲಿನ್ ಶುರು ಮಾಡುವ ಮುಂಚೆ ಪೊಟ್ಯಾಶಿಯಂ ರಿಪೋರ್ಟ್ ಕೈಯಲ್ಲಿರಬೇಕು. ಅದು ಸುಮಾರು 3.5ಕ್ಕಿಂತ ಕಡಿಮೆ ಇದ್ದರೆ ಮೊದಲು ಪೊಟ್ಯಾಶಿಯಂ ಕೊಟ್ಟು, ಇನ್ಸುಲಿನ್ ತಡೆಹಿಡಿಯುತ್ತಾರೆ. ಕೆಲವು ಪ್ರೋಟೋಕಾಲ್‌ಗಳಲ್ಲಿ ಈ ಅಂಕಿ 3.3. ರೋಗಿ ಇಸಿಜಿ ಮಾನಿಟರಿನ ಮೇಲೆ ಇರಬೇಕು. ರಕ್ತವನ್ನು ಎರಡರಿಂದ ನಾಲ್ಕು ಗಂಟೆಗೊಮ್ಮೆ ಮತ್ತೆ ಕಳಿಸಬೇಕು. ಸಲೈನಿಗೆ ಪೊಟ್ಯಾಶಿಯಂ ಸೇರಿಸಲು ಆರ್ಡರ್ ಬಂದಾಗ, ಮೂತ್ರ ಬರುತ್ತಿದೆಯೇ ಎಂದು ನೋಡಬೇಕು. ಕಿಡ್ನಿ ಹೊರಹಾಕದಿದ್ದರೆ ಕೊಟ್ಟದ್ದು ಒಳಗೇ ಸೇರಿಕೊಳ್ಳುತ್ತದೆ. ಪೊಟ್ಯಾಶಿಯಂ ಅನ್ನು ನೇರವಾಗಿ ಐವಿ ಪುಶ್ ಮಾಡುವಂತಿಲ್ಲ ಎಂಬ ನಿಯಮವನ್ನು ಆ "ಹೃದಯದ ಲಯ" ಬಾಕ್ಸಿನ ಪಕ್ಕದಲ್ಲೇ ಕೆಂಪಿನಲ್ಲಿ ಬರೆದುಕೊಂಡರೂ ತಪ್ಪಿಲ್ಲ.

ಈಗ ಮ್ಯಾಪನ್ನು ಕೆಲವು ಗಂಟೆ ಮುಂದಕ್ಕೆ ಓಡಿಸೋಣ. ಸಲೈನ್ ಹೋಗಿದೆ. ಇನ್ಸುಲಿನ್ ಇನ್‌ಫ್ಯೂಷನ್ ನಡೆಯುತ್ತಿದೆ, ಸಾಮಾನ್ಯವಾಗಿ ಗಂಟೆಗೆ ಕೆ.ಜಿ.ಗೆ 0.1 ಯೂನಿಟ್, ಈಕೆಗೆ ಸುಮಾರು 5 ಯೂನಿಟ್. ಗ್ಲೂಕೋಸ್ 468ರಿಂದ 240ಕ್ಕೆ ಇಳಿದಿದೆ. ಬಿಪಿ 108/66. ಆದರೆ ಉಸಿರಾಟ ಇನ್ನೂ 26, ಬೈಕಾರ್ಬನೇಟ್ 13. ಆಗ ಡಾಕ್ಟರ್ ಸಲೈನಿಗೆ ಡೆಕ್ಸ್‌ಟ್ರೋಸ್ ಸೇರಿಸಲು ಬರೆಯುತ್ತಾರೆ, ಇನ್ಸುಲಿನ್ ಮುಂದುವರಿಸಲು ಹೇಳುತ್ತಾರೆ. ಸಕ್ಕರೆ ಇಳಿಸಬೇಕಾದವರು ಸಕ್ಕರೆ ಕೊಡುತ್ತಿದ್ದಾರಲ್ಲ ಎಂದು ಹೊಸಬರು ಕಣ್ಣು ಬಿಡುತ್ತಾರೆ.

ಮ್ಯಾಪಿನ ಮುಂದೆ ಕೂತರೆ ಉತ್ತರ ಬೇಗ ಹೊಳೆಯುತ್ತದೆ. ಎರಡು ಕವಲುಗಳಿವೆ, ಎರಡೂ ಒಂದೇ ವೇಗದಲ್ಲಿ ಸರಿಹೋಗುವುದಿಲ್ಲ. ಗ್ಲೂಕೋಸ್ ಬೇಗ ಇಳಿಯುತ್ತದೆ, ಕೀಟೋನ್ ನಿಧಾನ. ಇನ್ಸುಲಿನ್ ಈಗ ಬೇಕಾಗಿರುವುದು ಕೊಬ್ಬಿನ ಕವಲಿಗೆ. ಅದನ್ನು ನಿಲ್ಲಿಸಿದರೆ ಕೀಟೋನ್ ಮತ್ತೆ ಶುರು. ಮುಂದುವರಿಸಿದರೆ ಗ್ಲೂಕೋಸ್ ತೀರಾ ಕೆಳಗೆ ಬೀಳುವ ಅಪಾಯ. ಡೆಕ್ಸ್‌ಟ್ರೋಸ್ ಆ ಅಪಾಯವನ್ನು ತಡೆದು ಇನ್ಸುಲಿನ್ ಮುಂದುವರಿಯಲು ದಾರಿ ಮಾಡಿಕೊಡುತ್ತದೆ. ಗ್ಲೂಕೋಸ್ 250ಕ್ಕಿಂತ ಕೆಳಗೆ ಬಂದಾಗ ಇದನ್ನು ಮಾಡುವುದು ಈಗಿನ ರೂಢಿ. ಪಿಎಚ್ 7.3 ಮುಟ್ಟಿ, ಬೈಕಾರ್ಬನೇಟ್ 18 ಆಗಿ, ಕೀಟೋನ್ ಇಳಿದ ಮೇಲೆ ಡಿಕೆಎ ಬಿಟ್ಟಿತು ಎನ್ನುತ್ತಾರೆ. ಅಲ್ಲಿಯವರೆಗೆ ಗಂಟೆಗೊಮ್ಮೆ ಗ್ಲೂಕೋಸ್ ನೋಡುವ ಕೆಲಸಕ್ಕೂ ಅರ್ಥ ಬದಲಾಗಿದೆ. ಮೊದಲು ಇಳಿಯುತ್ತಿದೆಯೇ ಎಂದು ನೋಡುತ್ತಿದ್ದೆವು. ಈಗ ಜಾಸ್ತಿ ಇಳಿಯುತ್ತಿದೆಯೇ ಎಂದೂ ನೋಡುತ್ತಿದ್ದೇವೆ. ಐವಿ ಇನ್ಸುಲಿನ್ ನಿಲ್ಲಿಸುವ ಒಂದೆರಡು ಗಂಟೆ ಮುಂಚೆಯೇ ಚರ್ಮದಡಿಯ ಇನ್ಸುಲಿನ್ ಕೊಡುವುದಕ್ಕೂ ಇದೇ ತರ್ಕ. ಐವಿ ಇನ್ಸುಲಿನ್ನಿನ ಪರಿಣಾಮ ಬೇಗ ಮುಗಿಯುತ್ತದೆ. ನಡುವೆ ಖಾಲಿ ಬಿಟ್ಟರೆ ಮೇಲಿನ "ಇನ್ಸುಲಿನ್ ಇಲ್ಲ" ಬಾಕ್ಸು ಮತ್ತೆ ಜೀವ ಪಡೆಯುತ್ತದೆ.

ಹಾಳೆ ತುಂಬಿದ ಮೇಲೆ ತಪ್ಪು ಹುಡುಕುವ ಒಂದು ಸರಳ ರೀತಿ ಇದೆ. ಪ್ರತಿ ನೀಲಿ ಬಾಕ್ಸಿಗೂ ಕಪ್ಪಿನಿಂದ ಒಂದು ಬಾಣ ಬಂದಿರಬೇಕು. ಬಂದಿಲ್ಲದಿದ್ದರೆ ಆ ಲಕ್ಷಣ ಯಾಕೆ ಎಂದು ನಿಮಗೆ ಇನ್ನೂ ಗೊತ್ತಿಲ್ಲ, ಅಥವಾ ಅದಕ್ಕೆ ಬೇರೆಯೇ ಕಾರಣವಿದೆ. ಈಕೆಯ ಜ್ವರವನ್ನೇ ನೋಡಿ. ಡಿಕೆಎಯ ಯಾವ ಬಾಕ್ಸಿನಿಂದಲೂ ಅದಕ್ಕೆ ಬಾಣ ಬರುವುದಿಲ್ಲ. ಸೋಂಕು ಎಲ್ಲಿದೆ ಎಂದು ಹುಡುಕಬೇಕು ಎಂದು ಆ ಒಂಟಿ ಬಾಕ್ಸು ನೆನಪಿಸುತ್ತದೆ. ಹಾಗೆಯೇ ಪ್ರತಿ ಹಸಿರು ಬಾಕ್ಸಿನಿಂದ ಎರಡು ಬಾಣ ಹೊರಡಬೇಕು: ಒಂದು ಅದು ಸರಿಪಡಿಸುವ ಕಪ್ಪು ಬಾಕ್ಸಿಗೆ, ಇನ್ನೊಂದು ಅದು ಕೆಲಸ ಮಾಡಿತು ಎಂದು ತೋರಿಸುವ ನೀಲಿ ಬಾಕ್ಸಿಗೆ. ಎರಡನೆಯ ಬಾಣವೇ ಕೇರ್ ಪ್ಲಾನಿನ ಇವ್ಯಾಲ್ಯುಯೇಶನ್ ಕಾಲಂ. ಅಲ್ಲಿ ಸುಮ್ನೆ "ರೋಗಿ ಸುಧಾರಿಸಿದರು" ಎಂದು ಬರೆಯುವ ಅಭ್ಯಾಸ ಇದರಿಂದ ತಪ್ಪುತ್ತದೆ.

ಮ್ಯಾಪಿಗೆ ಮಿತಿಗಳೂ ಇವೆ. ಅದು ಕಾಲವನ್ನು ತೋರಿಸುವುದಿಲ್ಲ. ಬೆಳಿಗ್ಗೆಯ ಹಾಳೆಯನ್ನೇ ಸಂಜೆ ಹ್ಯಾಂಡೋವರಿಗೆ ಹಿಡಿದುಕೊಂಡು ಹೋದರೆ ದಾರಿ ತಪ್ಪಿಸುತ್ತದೆ, ಅಂಕಿಗಳ ಪಕ್ಕದಲ್ಲಿ ಸಮಯ ಬರೆಯಲೇಬೇಕು. ಡೋಸು, ದ್ರವದ ವೇಗ ಇವನ್ನು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಮತ್ತು ಡಾಕ್ಟರ ಆರ್ಡರ್ ತೀರ್ಮಾನಿಸುತ್ತವೆ, ಮಕ್ಕಳಲ್ಲಿ ಲೆಕ್ಕವೇ ಬೇರೆ. ಮತ್ತೆ, ಒಬ್ಬ ರೋಗಿಯ ಮ್ಯಾಪನ್ನು ಇನ್ನೊಬ್ಬರಿಗೆ ಹಾಗೇ ಹಚ್ಚಲು ಬರುವುದಿಲ್ಲ. ಟೈಪ್ 2 ಇರುವ ವಯಸ್ಸಾದವರೊಬ್ಬರು ಗ್ಲೂಕೋಸ್ 700 ಇಟ್ಟುಕೊಂಡು ಮಂಕಾಗಿ ಬಂದರೆ, ಸಕ್ಕರೆಯ ಕವಲು ಇನ್ನೂ ಉದ್ದವಾಗಿರುತ್ತದೆ, ಡಿಹೈಡ್ರೇಶನ್ ಇನ್ನೂ ತೀವ್ರ. ಕೊಬ್ಬಿನ ಕವಲು ಮಾತ್ರ ಹೆಚ್ಚುಕಡಿಮೆ ಇರುವುದೇ ಇಲ್ಲ. ಅವರಲ್ಲಿ ಉಳಿದಿರುವ ಅಷ್ಟಿಷ್ಟು ಇನ್ಸುಲಿನ್ ಕೊಬ್ಬು ಒಡೆಯುವುದನ್ನು ತಡೆಯಲು ಸಾಕಾಗುತ್ತದೆ, ಗ್ಲೂಕೋಸ್ ಹಿಡಿಯಲು ಸಾಕಾಗುವುದಿಲ್ಲ. ಅಂಥವರಲ್ಲಿ ಕುಸ್‌ಮಾಲ್ ಉಸಿರಾಟ ಕಂಡರೆ ಮತ್ತೆ ಹಾಳೆ ನೋಡಬೇಕು.

ನಮ್ಮ ಹುಡುಗಿ ಮೂರನೆಯ ದಿನ ಎದ್ದು ಕೂತು ಊಟ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಮ್ಯಾಪಿನಲ್ಲಿ ಇನ್ನೂ ಒಂದು ಕಡೆ ಹಸಿರು ಬಿದ್ದಿಲ್ಲ. ಅದು ಎಲ್ಲಕ್ಕಿಂತ ಮೇಲಿನ ಬಾಣ: "ಊಟ ಸೇರುತ್ತಿಲ್ಲ ... ಎಂದು ... ಇನ್ಸುಲಿನ್ ನಿಲ್ಲಿಸಿದಳು". ಡಿಸ್ಚಾರ್ಜ್ ಟೀಚಿಂಗ್ ಅಂದರೆ ಕಾಲಿನ ಆರೈಕೆಯಿಂದ ಡಯಟ್ ಚಾರ್ಟಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುವ ಅಭ್ಯಾಸ ನಮ್ಮಲ್ಲಿದೆ. ಈಕೆಗೆ ಮೊದಲು ಬೇಕಾದದ್ದು ಆ ಒಂದು ಬಾಣ ಮುರಿಯುವ ಮಾತು. ಹೇಳಿ ಮುಗಿಸಿದ ಮೇಲೆ "ಗೊತ್ತಾಯ್ತಾ?" ಎಂದು ಕೇಳಿದರೆ ಯಾರಾದರೂ ತಲೆಯಾಡಿಸುತ್ತಾರೆ. ಅದರ ಬದಲು ಹೀಗೆ ಕೇಳಿ: "ಮುಂದಿನ ತಿಂಗಳು ಮತ್ತೆ ವಾಂತಿ ಶುರುವಾಗಿ ಏನೂ ತಿನ್ನೋಕೆ ಆಗ್ತಿಲ್ಲ ಅಂದುಕೊಳ್ಳಿ. ಆಗ ಇನ್ಸುಲಿನ್ ಏನು ಮಾಡ್ತೀರಿ?" ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸುವುದಿಲ್ಲ, ಎರಡರಿಂದ ನಾಲ್ಕು ಗಂಟೆಗೊಮ್ಮೆ ಗ್ಲೂಕೋಸ್ ನೋಡ್ತೀನಿ, ಕೀಟೋನ್ ಪರೀಕ್ಷೆ ಮಾಡ್ತೀನಿ, ಸ್ವಲ್ಪ ಸ್ವಲ್ಪ ನೀರು ಕುಡೀತಾ ಇರ್ತೀನಿ, ವಾಂತಿ ನಿಲ್ಲದಿದ್ದರೆ ಅಥವಾ ಕೀಟೋನ್ ಏರಿದರೆ ಆಸ್ಪತ್ರೆಗೆ ಬರ್ತೀನಿ ಎಂದು ಅವಳ ಬಾಯಿಂದಲೇ ಬಂದರೆ ಆ ಬಾಕ್ಸಿಗೆ ಹಸಿರು ಹಾಕಬಹುದು. "ಊಟ ಇಲ್ಲದಿದ್ದರೆ ಇನ್ಸುಲಿನ್ ಯಾಕೆ?" ಎಂದು ಅವಳು ತಿರುಗಿ ಕೇಳಿದರೆ, ಹಾಳೆಯನ್ನೇ ಅವಳ ಮುಂದಿಟ್ಟು, ಜ್ವರದ ಬಾಕ್ಸಿನಿಂದ ಲಿವರಿನವರೆಗೆ ಬೆರಳಿಟ್ಟು ತೋರಿಸಿ.